ಮುಟ್ಟಿಗೆ ಮೊದಲು ಏರುವ ಶುಗರ್, ಮುಟ್ಟಾದ ರಾತ್ರಿ ಇಳಿಯುವ ಶುಗರ್

ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮಧ್ಯೆ. ಮುಟ್ಟಾದರೆ ಮೂರು ದಿನ ಜಗಲಿಯ ಪಕ್ಕದ ಕೋಣೆಯಲ್ಲಿ ಇರುವುದು ನಮ್ಮಲ್ಲಿ ಮೊದಲಿನಿಂದ ಬಂದ ಕ್ರಮ. ಆ ಸಲ ಎರಡನೇ ರಾತ್ರಿ, ಸುಮಾರು ಮೂರು ಗಂಟೆಗೆ ಎಚ್ಚರವಾಯಿತು. ರವಿಕೆ ಬೆವರಲ್ಲಿ ಒದ್ದೆ, ಕೈ ನಡುಗುತ್ತಿತ್ತು. ಗ್ಲೂಕೋಮೀಟರ್‌ನಲ್ಲಿ ನೋಡಿದರೆ 52. ಸಕ್ಕರೆ ಡಬ್ಬಿ ಇದ್ದದ್ದು ಅಡುಗೆಮನೆಯಲ್ಲಿ, ನಡುವಿನ ಬಾಗಿಲಿಗೆ ಒಳಗಿನಿಂದ ಅಗುಳಿ. ಬಾಗಿಲು ಬಡಿದು ಬಡಿದು ಅಮ್ಮ ಎದ್ದು ಬರುವಾಗ ನನಗೆ ಸರಿಯಾಗಿ ಮಾತು ಹೊರಡುತ್ತಿರಲಿಲ್ಲ. "ಎಂತಾಯ್ತು ಮಗಾ, ರಾತ್ರಿ ಉಂಡಿದ್ದೆಯಲ್ಲ" ಎನ್ನುತ್ತಲೇ ಅವರು ಸಕ್ಕರೆ ನೀರು ಕುಡಿಸಿದರು.

ಉಂಡಿದ್ದೆ, ನಿಜ. ತಪ್ಪಾದದ್ದು ಊಟದಲ್ಲಿ ಅಲ್ಲ. ಅದರ ಹಿಂದಿನ ವಾರ ಬೆಳಗಿನ ಶುಗರ್ 180ರ ಮೇಲೆ ಬರುತ್ತಿತ್ತೆಂದು ನಾನು ರಾತ್ರಿಯ ಇನ್ಸುಲಿನ್ 16ರಿಂದ 19 ಯೂನಿಟ್‌ಗೆ ಏರಿಸಿದ್ದೆ. ಮುಟ್ಟಾದ ಮೇಲೆ ಅದನ್ನು ಇಳಿಸಲಿಲ್ಲ. ಇಳಿಸಬೇಕು ಅಂತಲೇ ಗೊತ್ತಿರಲಿಲ್ಲ.

ನನಗೆ ಟೈಪ್ 1 ಡಯಾಬಿಟಿಸ್ ಬಂದು ಹದಿನಾಲ್ಕು ವರ್ಷ ಆಯಿತು. ಈ ಏರಿಳಿತವನ್ನು ಡಾಕ್ಟರ ಜೊತೆ ಕೂತು ಲೆಕ್ಕಕ್ಕೆ ತಂದುಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ರಾತ್ರಿ ಒಂದು ಸಲ ಗ್ಲಾರ್ಜಿನ್ ತರಹದ ನಿಧಾನದ ಇನ್ಸುಲಿನ್, ಊಟಕ್ಕೆ ಬೇಗ ಕೆಲಸ ಮಾಡುವ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಹೆಚ್ಚು ಹೊಂದುತ್ತದೆ. ಬೇರೆಯವರ ವಿಷಯ ಕೊನೆಗೆ ಹೇಳುತ್ತೇನೆ.

ಮೊದಲು, ಯಾಕೆ ಹೀಗಾಗುತ್ತದೆ

ಮುಟ್ಟಿನ ಮೊದಲ ದಿನದಿಂದ ಅಂಡಾಣು ಬಿಡುಗಡೆಯಾಗುವ ತನಕ ಒಂದು ಭಾಗ. ಅಲ್ಲಿಂದ ಮುಂದಿನ ಮುಟ್ಟಿನ ತನಕ ಇನ್ನೊಂದು ಭಾಗ. ಎರಡನೇ ಭಾಗದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುತ್ತದೆ. ಅಂಡಾಣು ಬಿಡುಗಡೆಯಾಗಿ ಸುಮಾರು ಒಂದು ವಾರಕ್ಕೆ ಅದು ತುಂಬ ಮೇಲಿರುತ್ತದೆ. ಈ ದಿನಗಳಲ್ಲಿ ಎಷ್ಟೋ ಹೆಂಗಸರ ಮೈ ಇನ್ಸುಲಿನ್ ಮಾತನ್ನು ಅಷ್ಟಾಗಿ ಕೇಳುವುದಿಲ್ಲ. ಅದೇ ಊಟ, ಅದೇ ಡೋಸ್, ಆದರೂ ಶುಗರ್ ಜಾಸ್ತಿ.

ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಕುಸಿಯುತ್ತದೆ. ಆ ಕುಸಿತದಿಂದಲೇ ಮುಟ್ಟು ಶುರುವಾಗುವುದು. ಅದರ ಜೊತೆಗೆ ಇನ್ಸುಲಿನ್ ಮತ್ತೆ ಮೊದಲಿನ ಹಾಗೆ ಕೆಲಸ ಮಾಡಲು ತೊಡಗುತ್ತದೆ. ಏರುವುದಕ್ಕೆ ನಾಲ್ಕೈದು ದಿನ ಹಿಡಿದರೆ, ಇಳಿಯುವುದಕ್ಕೆ ಒಂದೆರಡು ದಿನ ಸಾಕು. ಏರಿದ ಶುಗರ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಇಳಿಯುವುದು ಮಾತ್ರ ಹೀಗೆ ನಡುರಾತ್ರಿಯಲ್ಲಿ, ಹಿಂದಿನ ವಾರದ ದೊಡ್ಡ ಡೋಸ್ ಇನ್ನೂ ಮೈಯಲ್ಲಿರುವಾಗ.

ಇದು ಎಲ್ಲರಲ್ಲೂ ಆಗುವುದಿಲ್ಲ. ಕೆಲವರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ, ಕೆಲವರಿಗೆ ಮುಟ್ಟಾದ ಮೇಲೂ ಒಂದು ದಿನ ಏರಿಯೇ ಇರುತ್ತದೆ. ಹಾಗಾಗಿ ನನ್ನ ಲೆಕ್ಕವನ್ನು ನಕಲು ಮಾಡಬೇಡಿ. ನಿಮ್ಮ ಲೆಕ್ಕ ನಿಮ್ಮ ಪುಸ್ತಕದಲ್ಲೇ ಸಿಗಬೇಕು.

ಹಂತ 1: ಮೂರು ತಿಂಗಳು ಬರೆಯಿರಿ, ಡೋಸ್ ಮುಟ್ಟಬೇಡಿ

ಇಲ್ಲಿ ಡೋಸ್ ಅಂದದ್ದು ತಿಂಗಳ ಲೆಕ್ಕಕ್ಕೆ ಮಾಡುವ ಬದಲಾವಣೆ. ದಿನದಿನದ ತಿದ್ದುಪಡಿ ಡಾಕ್ಟರು ಹೇಳಿದ ಹಾಗೆ ನಡೆಯಲಿ.

ಒಂದು ಸಾದಾ ನೋಟ್‌ಬುಕ್ ಸಾಕು. ಪ್ರತಿ ದಿನ ಎರಡು ಸಂಖ್ಯೆ ಬೇಕು: ರಾತ್ರಿ ಮಲಗುವ ಮೊದಲಿನದು, ಬೆಳಗ್ಗೆ ಖಾಲಿ ಹೊಟ್ಟೆಯದು. ರಾತ್ರಿಯದು ಉಂಡು ಮೂರು ಗಂಟೆ ಕಳೆದ ಮೇಲಿನದಾದರೆ ಒಳ್ಳೆಯದು. ಮುಟ್ಟಾದ ದಿನಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಜ್ವರ, ಮದುವೆ ಊಟ, ನಿದ್ದೆಗೆಟ್ಟದ್ದು, ಇಂಥದ್ದೇನಾದರೂ ಇದ್ದರೆ ಪಕ್ಕದಲ್ಲಿ ಒಂದು ಪದ ಬರೆದರಾಯಿತು. ನಮ್ಮ ಕಡೆ ಏಪ್ರಿಲ್, ಮೇ ಬಂತೆಂದರೆ ಮನೆ ತುಂಬ ಹಲಸು, ಮಾವು. ಆ ದಿನಗಳಲ್ಲಿ ಹಣ್ಣು ತಿಂದದ್ದನ್ನು ಬರೆಯದಿದ್ದರೆ ಹಲಸಿನ ಲೆಕ್ಕ ಹಾರ್ಮೋನಿನ ಖಾತೆಗೆ ಸೇರುತ್ತದೆ.

ತೋಳಿಗೆ ಅಂಟಿಸುವ ಸೆನ್ಸರ್ ಹಾಕುವವರು ಒಂದು ವಿಷಯ ನೆನಪಿಡಿ. ಹದಿನಾಲ್ಕು ದಿನದ ಒಂದು ಸೆನ್ಸರ್ ತಿಂಗಳ ಅರ್ಧವನ್ನು ಮಾತ್ರ ನೋಡುತ್ತದೆ. ಮುಟ್ಟಿನ ಮೂರನೇ ದಿನ ಹಾಕಿದರೆ ಎಲ್ಲ ಚೆಂದ ಕಾಣುತ್ತದೆ, ಮುಟ್ಟಿಗೆ ಹತ್ತು ದಿನ ಇರುವಾಗ ಹಾಕಿದರೆ ಎಲ್ಲ ಕೆಟ್ಟ ಹಾಗೆ ಕಾಣುತ್ತದೆ. ಒಂದೇ ಸೆನ್ಸರ್‌ಗೆ ಹಣ ಇದ್ದರೆ ಮುಟ್ಟಿಗೆ ಒಂಬತ್ತು ದಿನ ಇರುವಾಗ ಹಾಕಿ. ಏರುವುದೂ ಸಿಗುತ್ತದೆ, ಮುಟ್ಟಾದ ರಾತ್ರಿಗಳೂ ಸಿಗುತ್ತವೆ.

ಹಂತ 2: ಹಿಂದಿನಿಂದ ಎಣಿಸಿ

ನಾವು ಸಾಮಾನ್ಯವಾಗಿ ಮುಟ್ಟಾದ ದಿನದಿಂದ ಮುಂದಕ್ಕೆ ಎಣಿಸುತ್ತೇವೆ, ಅಲ್ವಾ? ಈ ಕೆಲಸಕ್ಕೆ ಅದು ಸರಿಬರುವುದಿಲ್ಲ. ತಿಂಗಳು ಹಿಂದೆ ಮುಂದೆ ಆಗುವುದು ಹೆಚ್ಚಾಗಿ ಮೊದಲ ಭಾಗ ಉದ್ದ ಗಿಡ್ಡ ಆಗುವುದರಿಂದ. ಎರಡನೇ ಭಾಗ ಹೆಚ್ಚಿನವರಲ್ಲಿ ಎರಡು ವಾರದ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಮುಟ್ಟಾದ ದಿನವನ್ನು ಸೊನ್ನೆ ಅಂತ ಇಟ್ಟುಕೊಂಡು ಹಿಂದಕ್ಕೆ ಎಣಿಸಿ: ಒಂದು ದಿನ ಮೊದಲು, ಎರಡು ದಿನ ಮೊದಲು, ಹೀಗೆ ಹದಿನಾಲ್ಕರ ತನಕ. ಬೆಳಗಿನ ಶುಗರ್ ಎಷ್ಟನೇ ದಿನದಿಂದ ಏರಲು ಶುರುವಾಯಿತು ಎಂದು ಮೂರೂ ತಿಂಗಳಲ್ಲಿ ನೋಡಿ.

ನನ್ನ ಪುಸ್ತಕದ ಒಂದು ವರ್ಷದ ತಾರೀಕು ಹೀಗಿತ್ತು. ಜನವರಿ 4ಕ್ಕೆ ಮುಟ್ಟು, ಆಮೇಲೆ ಫೆಬ್ರವರಿ 2, ಮಾರ್ಚ್ 2, ಏಪ್ರಿಲ್ 1. ಅಂದರೆ 29, 28, 30 ದಿನ. ಉಳಿದ ದಿನಗಳಲ್ಲಿ 110ರಿಂದ 125ರ ಒಳಗೆ ಇರುತ್ತಿದ್ದ ಬೆಳಗಿನ ಶುಗರ್, ಮುಟ್ಟಿಗೆ ಏಳು ಅಥವಾ ಎಂಟು ದಿನ ಇರುವಾಗ 150 ದಾಟುತ್ತಿತ್ತು. ಮೂರು ತಿಂಗಳಲ್ಲೂ ಅದೇ. ಮುಟ್ಟಾದ ಎರಡನೇ ಬೆಳಗ್ಗೆ ನೋಡಿದರೆ 90ರ ಹತ್ತಿರ.

ಮೂರರಲ್ಲಿ ಎರಡು ತಿಂಗಳಾದರೂ ಒಂದೇ ರೀತಿ ಕಂಡರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ. ಕಾಣದಿದ್ದರೆ ನಿಮ್ಮ ಏರಿಳಿತಕ್ಕೆ ಬೇರೆ ಕಾರಣ ಉಂಟು ಅಂತ ಅರ್ಥ.

ಹಂತ 3: ಹಾರ್ಮೋನೋ, ಊಟವೋ ನೋಡಿ

ಮುಟ್ಟಿಗೆ ಮೊದಲಿನ ವಾರ ಹಸಿವು ಜಾಸ್ತಿ, ಸಿಹಿಯ ಆಸೆಯೂ ಜಾಸ್ತಿ. ಒಂದು ಸೌಟು ಅನ್ನ ಎರಡಾಗುತ್ತದೆ, ಚಹಾದ ಜೊತೆ ಹಲಸಿನ ಹಪ್ಪಳ ಬರುತ್ತದೆ. ಈ ಏರಿಕೆಗೆ ರಾತ್ರಿಯ ಇನ್ಸುಲಿನ್ ಏರಿಸಿದರೆ ಮದ್ದು ಒಂದು ಕಡೆ, ರೋಗ ಇನ್ನೊಂದು ಕಡೆ.

ಬೇರ್ಪಡಿಸುವುದು ಸುಲಭ. ಮಲಗುವಾಗ 140, ಬೆಳಗ್ಗೆ 185 ಇದ್ದರೆ ರಾತ್ರಿಯಿಡೀ ಏನೂ ತಿನ್ನದೆಯೇ ಏರಿದೆ. ಅದು ರಾತ್ರಿಯ ಇನ್ಸುಲಿನ್ ಸಾಲದ ಲಕ್ಷಣ. ಮಲಗುವಾಗಲೇ 230 ಇದ್ದು ಬೆಳಗ್ಗೆಯೂ 225 ಇದ್ದರೆ ರಾತ್ರಿಯ ಇನ್ಸುಲಿನ್ ತನ್ನ ಕೆಲಸ ಮಾಡಿದೆ, ತಪ್ಪಿದ್ದು ರಾತ್ರಿ ಊಟದ ಲೆಕ್ಕ. ಆಗ ಊಟದ ಡೋಸ್ ಬಗ್ಗೆ ಯೋಚಿಸಬೇಕು.

ಏರಿಸುವ ಮೊದಲು ಒಂದೆರಡು ರಾತ್ರಿಯಾದರೂ ಮೂರು ಗಂಟೆಗೆ ಅಲಾರಂ ಇಟ್ಟು ಎದ್ದು ನೋಡಿ. ಕಷ್ಟ, ಗೊತ್ತು. ಆದರೆ ಮೂರು ಗಂಟೆಗೆ 65 ಇದ್ದು ಬೆಳಗ್ಗೆ 190 ಕಂಡರೆ, ಏರಿಸುವುದು ಅಪಾಯ. ಅಂಥ ಸಂಖ್ಯೆ ಬಂದರೆ ಏರಿಸುವ ಯೋಚನೆ ಬಿಟ್ಟು ಡಾಕ್ಟರಿಗೆ ಪುಸ್ತಕ ತೋರಿಸಿ.

ಹಂತ 4: ಏರಿಸುವುದು

ಇದನ್ನು ಡಾಕ್ಟರ ಜೊತೆ ಮಾತಾಡಿ, ಎಷ್ಟರ ತನಕ ಹೋಗಬಹುದು ಎಂದು ಬರೆಸಿಕೊಂಡೇ ಮಾಡಿ. ಒಂದು ಸಲಕ್ಕೆ ಹತ್ತನೇ ಒಂದು ಭಾಗದ ಆಸುಪಾಸು, ಅಂದರೆ ನಮ್ಮಂಥವರಿಗೆ ಒಂದೋ ಎರಡೋ ಯೂನಿಟ್. ನನ್ನ ಡೋಸ್ ರಾತ್ರಿ ಗ್ಲಾರ್ಜಿನ್ 16, ಮೂರು ಹೊತ್ತಿನ ಊಟಕ್ಕೆ ಒಟ್ಟು 18. ಡಾಕ್ಟರು ಹೇಳಿದ್ದು, ಗ್ಲಾರ್ಜಿನ್ 17 ಮಾಡಿ ನೋಡಿ, ಬೇಕಾದರೆ 18, ಅದರ ಮೇಲೆ ಹೋಗಬೇಡಿ ಅಂತ. ನಾನು ಹಿಂದೆ ನನ್ನಷ್ಟಕ್ಕೆ 19ಕ್ಕೆ ಹಾರಿದ್ದೆ.

ಗ್ಲಾರ್ಜಿನ್ ಇವತ್ತು ಏರಿಸಿದರೆ ಪೂರ್ತಿ ಫಲ ಕಾಣಲು ಎರಡು ಮೂರು ದಿನ ಬೇಕು. ಹಾಗಾಗಿ ಶುಗರ್ ಏರುವ ದಿನಕ್ಕೆ ಒಂದೆರಡು ದಿನ ಮೊದಲೇ ಶುರು ಮಾಡಬೇಕು, ಪ್ರತಿ ದಿನವೂ ಬದಲಿಸಬಾರದು. ಡೆಗ್ಲುಡೆಕ್ ತೆಗೆದುಕೊಳ್ಳುವವರಿಗೆ ಇದು ಇನ್ನೂ ನಿಧಾನ. ಅದು ಮೈಯಲ್ಲಿ ತುಂಬ ಹೊತ್ತು ಉಳಿಯುತ್ತದೆ, ಇಳಿಸಿದರೂ ಬೇಗ ಇಳಿಯುವುದಿಲ್ಲ. ಅಂಥವರು ಅದನ್ನು ಮುಟ್ಟದೆ ಊಟದ ಡೋಸನ್ನೇ ಸ್ವಲ್ಪ ಹೊಂದಿಸಿಕೊಳ್ಳಬಹುದೇ ಎಂದು ಡಾಕ್ಟರಲ್ಲಿ ಕೇಳಿ.

ನನ್ನ ಏಪ್ರಿಲ್ ತಿಂಗಳು ಹೇಗೆ ಹೋಯಿತು ಎಂದು ಹೇಳುತ್ತೇನೆ. ಮುಟ್ಟಿನ ಅಂದಾಜು ತಾರೀಕು ಏಪ್ರಿಲ್ 30. ಎಂಟು ದಿನ ಹಿಂದಕ್ಕೆ ಎಣಿಸಿದರೆ 22. ಹಾಗಾಗಿ 21ರ ರಾತ್ರಿ 17 ಹಾಕಿದೆ. 22ರ ಬೆಳಗ್ಗೆ 138, ಮರುದಿನ 151, 24ರಂದು 163. ಮೂರು ಬೆಳಗ್ಗೆ ನೋಡಿದ ಮೇಲೂ ಏರುತ್ತಲೇ ಇತ್ತು, ಆದ್ದರಿಂದ ಆ ರಾತ್ರಿ 18. ಆಮೇಲೆ ನಿಧಾನಕ್ಕೆ ಇಳಿದು 27ಕ್ಕೆ 133ರಲ್ಲಿ ನಿಂತಿತು. ಹಿಂದಿನ ತಿಂಗಳು ಅದೇ ದಿನಗಳಲ್ಲಿ 180 ಇತ್ತು. ನಾನು 100 ಬರಲಿ ಅಂತ ಹಟ ಹಿಡಿಯಲಿಲ್ಲ. ಎರಡು ಮೂರು ದಿನದಲ್ಲಿ ಕುಸಿತ ಬರಲಿದೆ ಎಂದು ಗೊತ್ತಿರುವಾಗ 130 ಒಳ್ಳೆಯ ಸಂಖ್ಯೆಯೇ.

ಸಿರಿಂಜ್ ಬಳಸುವವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಬಾಟ್ಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್‌ನದು. ಪೆನ್ ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜ್‌ಗೆ ಎಳೆದರೆ 10ರ ಗೆರೆಯಲ್ಲಿ 25 ಯೂನಿಟ್ ಹೋಗುತ್ತದೆ. ಒಂದು ಯೂನಿಟ್‌ನ ಹದ ನೋಡುವ ಕೆಲಸದಲ್ಲಿ ಇಂಥ ತಪ್ಪು ಆಗಲೇಬಾರದು.

ಹಂತ 5: ಇಳಿಸುವುದು

ಇದಕ್ಕಾಗಿಯೇ ಈ ಲೇಖನ ಬರೆಯಲು ಕೂತದ್ದು.

ಅಂದಾಜು ತಾರೀಕಿನ ಹಿಂದಿನ ರಾತ್ರಿ ನಾನು ಒಂದು ಯೂನಿಟ್ ಇಳಿಸುತ್ತೇನೆ, ಮುಟ್ಟು ಕಾಣಲಿ, ಕಾಣದಿರಲಿ. ಆ ಏಪ್ರಿಲ್ 29ರ ರಾತ್ರಿ 17. ಮುಟ್ಟು ಕಂಡ ದಿನದ ರಾತ್ರಿ ನೇರವಾಗಿ 16. ಮುಟ್ಟು ಮೂರು ದಿನ ಮೊದಲೇ ಬಂದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಬೇಡ, ಆ ರಾತ್ರಿಯೇ ಮೊದಲಿನ ಡೋಸ್‌ಗೆ ಬನ್ನಿ. ನಾಳೆ ನೋಡುವ ಅಂತ ಸುಮ್ನೆ ಬಿಡಬೇಡಿ. ಬೆಳಗಿನ ಶುಗರ್ ಇನ್ನೂ 150 ಇದ್ದರೂ ಇಳಿಸಿ, ಯಾಕೆಂದರೆ ನಿನ್ನೆ ರಾತ್ರಿಯ ದೊಡ್ಡ ಡೋಸ್ ಇವತ್ತಿಡೀ ಕೆಲಸ ಮಾಡುತ್ತಾ ಇರುತ್ತದೆ. ಮುಟ್ಟಾದ ಮೇಲೂ ಏರಿಯೇ ಇರುವ ಮೈ ನಿಮ್ಮದಾದರೆ ಅದು ಪುಸ್ತಕದಲ್ಲಿ ಕಂಡಿರುತ್ತದೆ. ಇಳಿಸುವ ದಿನವನ್ನು ಡಾಕ್ಟರಲ್ಲಿ ಕೇಳಿ ಗೊತ್ತು ಮಾಡಿಕೊಳ್ಳಿ.

ಹಿಂದಿನ ದೊಡ್ಡ ಡೋಸ್ ಇನ್ನೂ ಕೆಲಸ ಮಾಡುತ್ತಾ ಇರುವುದರಿಂದ, ಡೋಸ್ ಇಳಿಸಿದ ಮೇಲೂ ಮೊದಲ ಎರಡು ರಾತ್ರಿ ಎಚ್ಚರ ಬೇಕು. ಮಲಗುವಾಗ 120ಕ್ಕಿಂತ ಕಡಿಮೆ ಇದ್ದರೆ ನಾನು ಒಂದು ಲೋಟ ಹಾಲೋ ಒಂದು ಬಾಳೆಹಣ್ಣೋ ತೆಗೆದುಕೊಂಡು ಮಲಗುತ್ತೇನೆ. ಮೂರು ಗಂಟೆಗೆ ಒಂದು ಸಲ ನೋಡುತ್ತೇನೆ. ಆ ಎರಡು ದಿನ ಶುಗರ್ 200 ಕಂಡರೂ ತಿದ್ದುವ ಡೋಸ್ ಅರ್ಧ ಮಾತ್ರ. ನನಗೆ ಒಂದು ಯೂನಿಟ್‌ಗೆ ಸುಮಾರು 50 ಇಳಿಯುತ್ತದೆ. 200ನ್ನು 100ಕ್ಕೆ ತರಲು ಬೇರೆ ದಿನ ಎರಡು ಯೂನಿಟ್, ಮುಟ್ಟಿನ ಮೊದಲ ಎರಡು ದಿನ ಒಂದೇ.

ಹೊಟ್ಟೆನೋವು, ವಾಂತಿ ಇರುವವರು ಊಟದ ಇನ್ಸುಲಿನ್ ಮೊದಲೇ ಹಾಕಿಕೊಂಡು ಕೂರಬೇಡಿ. ಗಂಜಿ ಎರಡು ಗುಟುಕಿಗೆ ಬೇಡವಾದರೆ ಹಾಕಿದ ಇನ್ಸುಲಿನ್ ಹಿಂತಿರುಗಿ ಬರುವುದಿಲ್ಲ. ಬೇಗ ಕೆಲಸ ಮಾಡುವ ಹೊಸ ತರಹದ ಇನ್ಸುಲಿನ್ ಆದರೆ ಉಂಡ ಕೂಡಲೇ, ಉಂಡಷ್ಟಕ್ಕೆ ಹಾಕಬಹುದೇ ಎಂದು ಮೊದಲೇ ಡಾಕ್ಟರಲ್ಲಿ ಕೇಳಿಟ್ಟುಕೊಳ್ಳಿ. ಊಟ ಸೇರದಿದ್ದರೂ ಟೈಪ್ 1 ಇರುವವರು ರಾತ್ರಿಯ ಇನ್ಸುಲಿನ್ ಪೂರ್ತಿ ಬಿಡುವಂತಿಲ್ಲ. ವಾಂತಿ ಇದ್ದು ಶುಗರ್ 250 ದಾಟಿದರೆ ಮೂತ್ರದಲ್ಲಿ ಕೀಟೋನ್ ನೋಡಬೇಕು. ಅದು ಮುಟ್ಟಿನ ಸಂಕಟವೇ ಇರಬಹುದು ಅಂತ ಮಲಗಬೇಡಿ. ಕೀಟೋನ್ ಏರಿದರೂ ಹೊಟ್ಟೆನೋವು, ವಾಂತಿಯೇ ಬರುವುದು. ಸ್ಟ್ರಿಪ್‌ನ ಬಣ್ಣ ಗಾಢವಾದರೆ, ಅಥವಾ ನೀರು ಕೂಡ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನು ಹೊರಗಿನ ಕೋಣೆಯ ವಿಷಯ. ಈಗ ಎಷ್ಟೋ ಮನೆಗಳಲ್ಲಿ ಈ ಕ್ರಮ ಇಲ್ಲ, ಕೆಲವು ಮನೆಗಳಲ್ಲಿ ಉಂಟು. ಕ್ರಮ ಬೇಕೋ ಬೇಡವೋ ಎಂಬ ಮಾತು ನಿಮ್ಮ ಮನೆಯಲ್ಲಿ ನೀವು ಆಡಿ. ನನ್ನ ಮನಸ್ಸಿನಲ್ಲಿ ಸಂಶಯ ಇಲ್ಲ: ಇನ್ಸುಲಿನ್ ತೆಗೆದುಕೊಳ್ಳುವ ಹೆಂಗಸು ಆ ಎರಡು ರಾತ್ರಿ ಒಬ್ಬಳೇ ಮಲಗಬಾರದು. ತಿಂಗಳಲ್ಲಿ ಶುಗರ್ ಕುಸಿಯುವ ಭಯ ಹೆಚ್ಚಿರುವ ರಾತ್ರಿಗಳು ಅವೇ. ನನ್ನ ಕಥೆ ಆದ ಮೇಲೆ ಅಜ್ಜಿಯೇ ಅಮ್ಮನಿಗೆ "ಆ ಬಾಗಿಲಿಗೆ ಅಗುಳಿ ಹಾಕುದು ಬೇಡ, ನೀನು ಅಲ್ಲೇ ಮಲಕ್ಕೋ" ಎಂದರು. ಈಗ ಆ ಕೋಣೆಯ ಗೂಡಿನಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಅದರಲ್ಲಿ ಸಕ್ಕರೆ, ಒಂದು ಚಮಚ, ಗ್ಲೂಕೋಮೀಟರ್, ಸ್ಟ್ರಿಪ್, ಟಾರ್ಚ್. ಪಕ್ಕದಲ್ಲಿ ನೀರಿನ ಚೊಂಬು.

70ಕ್ಕಿಂತ ಕಡಿಮೆ ಕಂಡರೆ ಮೂರರಿಂದ ನಾಲ್ಕು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಒಂದೆರಡು ಬಿಸ್ಕತ್ತು. ತೆಂಗಿನಕಾಯಿ ಬರ್ಫಿ, ಚಾಕಲೇಟು ಈ ಹೊತ್ತಿಗೆ ಆಗುವುದಿಲ್ಲ, ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಗಾಡಿ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಇದನ್ನು ಪಕ್ಕ ಮಲಗುವವರಿಗೆ ಮೊದಲೇ ಹೇಳಿಡಿ.

ಆ ಸಲ ನನಗೆ ಮುಟ್ಟಾದದ್ದು ಮೇ 1ಕ್ಕೆ, ಒಂದು ದಿನ ತಡ. ಆ ರಾತ್ರಿ 16 ಹಾಕಿ, ಮೂರು ಗಂಟೆಗೆ ನೋಡಿದಾಗ 96.

ಲೆಕ್ಕ ತಪ್ಪುವುದು ಎಲ್ಲೆಲ್ಲಿ

ಮುಟ್ಟು ತಡವಾಗಿ, ಶುಗರ್ ಮಾತ್ರ ಇಳಿಯದೆ ನಿಂತರೆ, ಮದುವೆಯಾದವರು ಮೊದಲು ಗರ್ಭದ ಪರೀಕ್ಷೆ ಮಾಡಿ. ಗರ್ಭ ನಿಂತರೆ ಪ್ರೊಜೆಸ್ಟರಾನ್ ಕುಸಿಯುವುದೇ ಇಲ್ಲ. ಶಿಶುವಿನ ಅಂಗಾಂಗ ಮೂಡುವುದು ಮೊದಲ ವಾರಗಳಲ್ಲೇ, ಆಗ ಶುಗರ್ ಹತೋಟಿಯಲ್ಲಿ ಇರುವುದು ಬಹಳ ಮುಖ್ಯ. ತಡಮಾಡದೆ ಡಾಕ್ಟರನ್ನು ಕಾಣಿ.

ದೇವಸ್ಥಾನದ ಜಾತ್ರೆಗೋ ಮನೆಯ ಪೂಜೆಗೋ ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಳ್ಳುವುದು ನಮ್ಮಲ್ಲಿ ತುಂಬ. ಅದು ಹೆಚ್ಚಾಗಿ ನಾರ್‌ಎಥಿಸ್ಟಿರೋನ್, ಪ್ರೊಜೆಸ್ಟರಾನ್ ಜಾತಿಯದೇ. ಮಾತ್ರೆ ನುಂಗುವಷ್ಟು ದಿನ ಶುಗರ್ ಏರಿಯೇ ಇರಬಹುದು. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ, ಕುಸಿತವೂ ಆಗಲೇ. ಅಂದರೆ ಕ್ಯಾಲೆಂಡರಿನ ತಾರೀಕು ಬಿಟ್ಟು, ಮಾತ್ರೆ ನಿಲ್ಲಿಸಿದ ದಿನದಿಂದ ಎಣಿಸಬೇಕು. ಮೆಡಿಕಲ್‌ನಲ್ಲಿ ಕೇಳಿ ತರುವ ಮೊದಲು ಶುಗರ್ ಇದೆ ಎಂದು ಡಾಕ್ಟರಿಗೆ ಹೇಳಿ.

ಪಿಸಿಒಡಿ ಇದ್ದು ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವವರಿಗೆ ಹಿಂದಿನಿಂದ ಎಣಿಸುವ ಲೆಕ್ಕ ನಡೆಯುವುದಿಲ್ಲ. ಅವರು ಮುಂಚಿತವಾಗಿ ಏರಿಸುವುದು ಬೇಡ. 30/70 ಮಿಶ್ರ ಇನ್ಸುಲಿನ್ ಹಾಕುವವರೂ ಹೀಗೆ ಮಾಡುವಂತಿಲ್ಲ, ಒಂದನ್ನು ಏರಿಸಿದರೆ ಊಟದ್ದೂ ರಾತ್ರಿಯದ್ದೂ ಒಟ್ಟಿಗೇ ಏರುತ್ತದೆ. ಬರೀ ಮಾತ್ರೆಯಲ್ಲಿರುವವರು ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ತಿಂಗಳಲ್ಲಿ ಒಂದು ವಾರ ಏರಿಸುವ ಪ್ರಯತ್ನ ಮಾಡಬೇಡಿ. ಬರೆದಿಟ್ಟು ತೋರಿಸಿದರೆ ಸಾಕು.

ಮುಟ್ಟಿನಲ್ಲಿ ತುಂಬ ರಕ್ತ ಹೋಗುವವರು ಮೂರು ತಿಂಗಳ ಸರಾಸರಿಯ ಪರೀಕ್ಷೆಯ ಜೊತೆ ಹಿಮೋಗ್ಲೋಬಿನ್ ಕೂಡ ನೋಡಿಸಿ. ಕಬ್ಬಿಣದ ಕೊರತೆ ಇದ್ದರೆ ಆ ಸರಾಸರಿ ಇರುವುದಕ್ಕಿಂತ ಜಾಸ್ತಿ ಕಾಣಬಹುದು, ಡಾಕ್ಟರು ಅದನ್ನೇ ನಂಬಿ ಇನ್ಸುಲಿನ್ ಏರಿಸಿಬಿಡಬಹುದು.

ಕಾಸರಗೋಡಿನಲ್ಲಿ ನಮಗೆ ಇನ್ನೊಂದು ತೊಡಕು ಇದೆಯಲ್ಲ, ಡಾಕ್ಟರು ಮಲಯಾಳದಲ್ಲಿ ಕೇಳುತ್ತಾರೆ, ನಾಚಿಕೆಯ ವಿಷಯ ನಮಗೆ ಆ ಭಾಷೆಯಲ್ಲಿ ಬಾಯಿಗೆ ಬರುವುದಿಲ್ಲ. ನಾನು ಮೊದಲ ಸಲ ಏನೂ ವಿವರಿಸಲಿಲ್ಲ. ಕೆಂಪು ಗುರುತಿನ ಮೂರು ಪುಟ ತೆರೆದು ಮೇಜಿನ ಮೇಲೆ ಇಟ್ಟೆ. ಅವರು ಬೆರಳಿಟ್ಟು ಹಿಂದಕ್ಕೆ ಎಣಿಸಿದರು, ಎಂಟಕ್ಕೆ ನಿಂತರು, ಮುಟ್ಟಾದ ಎರಡನೇ ರಾತ್ರಿಯ 52ಕ್ಕೆ ವೃತ್ತ ಹಾಕಿದರು.